ಹತ್ತು ರೂಪಾಯಿಯಿಂದ ಹದಿಮೂರು ಸಾವಿರದವರೆಗೆ



ಈ ವಾರ ಹತ್ತು ರೂಪಾಯಿ ಎತ್ತಿಡಿ, ಮುಂದಿನ ವಾರ ಇಪ್ಪತ್ತು, ಅದರ ಮುಂದಿನ ವಾರ ಮೂವತ್ತು. ಹೀಗೆ ವಾರವಾರವೂ ಹತ್ತು ರೂಪಾಯಿ ಹೆಚ್ಚಿಸುತ್ತಾ ಹೋದರೆ ವರ್ಷದ ಕೊನೆಯ, ಅಂದರೆ 52ನೆಯ ವಾರ 520 ರೂಪಾಯಿ ಇಡುತ್ತೀರಿ. ಅಷ್ಟು ಹೊತ್ತಿಗೆ ಕೈಯಲ್ಲಿ ಎಷ್ಟಿರುತ್ತದೆ ಹೇಳಿ ನೋಡೋಣ? ನನ್ನ ನಾದಿನಿ ಈ ಪ್ರಶ್ನೆ ಕೇಳಿದಾಗ ನಾನು ಐದಾರು ಸಾವಿರ ಎಂದಿದ್ದೆ. ಉತ್ತರ 13,780 ರೂಪಾಯಿ!

ಲೆಕ್ಕ ಕಷ್ಟದ್ದಲ್ಲ. ಮೊದಲ ವಾರದ 10ನ್ನೂ ಕೊನೆಯ ವಾರದ 520ನ್ನೂ ಸೇರಿಸಿದರೆ 530. ಎರಡನೆಯ ವಾರದ 20, ಕೊನೆಯಿಂದ ಎರಡನೆಯ ವಾರದ 510, ಅದೂ 530. ಹೀಗೆ 26 ಜೋಡಿಗಳು. 26ನ್ನು 530ರಿಂದ ಗುಣಿಸಿದರೆ 13,780. ಆದರೆ ಕಾಗದದ ಮೇಲೆ ಸುಲಭವಾಗಿದ್ದ ಈ ಲೆಕ್ಕ ನನ್ನ ಮನೆಯಲ್ಲಿ ಮೊದಲ ವರ್ಷ ಸೋತಿತು, ಎರಡನೆಯ ವರ್ಷ ಗೆದ್ದಿತು. ಸೋತದ್ದೇಕೆ, ಗೆದ್ದದ್ದು ಹೇಗೆ ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ನಮ್ಮದು ಮಾಗಡಿ ತಾಲೂಕಿನ ಕೆಂಪಾಪುರ. ಕೆಂಪೇಗೌಡರ ಸಮಾಧಿ ಇರುವ ಊರೆಂದರೆ ನಿಮಗೆ ಗೊತ್ತಾಗಬಹುದು. ನನ್ನ ಪತಿ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಾರೆ. ಗೂಡಿನ ಬೆಲೆ ಏರಿ ಮಾಲೀಕರು ಗೂಡು ಕೊಳ್ಳದಿದ್ದರೆ ಆ ವಾರ ಕೆಲಸ ಅರ್ಧ, ಬಟವಾಡೆಯೂ ಅರ್ಧ. ನಾನು ಮನೆಯಲ್ಲಿ ಹೊಲಿಗೆ ಮಾಡುತ್ತೇನೆ. ಒಂದು ವಾರ ಕೈತುಂಬ ಕೆಲಸ, ಇನ್ನೊಂದು ವಾರ ಮೆಷಿನ್ನಿನ ಮೇಲಿನ ಬಟ್ಟೆಯನ್ನೇ ತೆಗೆಯುವುದಿಲ್ಲ.

2023ರ ಮೇ ತಿಂಗಳಲ್ಲಿ ಮಗಳ ಶಾಲೆಯ ಫೀಸಿಗೆ 12,000 ರೂಪಾಯಿ ಬೇಕಾಯಿತು. ನನ್ನ ಓಲೆಗಳನ್ನು ಗಿರವಿ ಇಟ್ಟೆವು. ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಬಿಡಿಸಿಕೊಳ್ಳಲು ಹತ್ತು ತಿಂಗಳು ಹಿಡಿಯಿತು. 2,400 ರೂಪಾಯಿ ಬಡ್ಡಿಯೇ ಹೋಯಿತು. ಹಣ ಹೋದದ್ದಕ್ಕಿಂತಲೂ ಬಡ್ಡಿ ಕೊಟ್ಟೆವಲ್ಲಾ ಎಂಬ ನೋವು ಹೆಚ್ಚು. ಬಡ್ಡಿ ತೆಗೆದುಕೊಳ್ಳುವುದು ಮಾತ್ರವಲ್ಲ, ಕೊಡುವುದೂ ತಪ್ಪೆಂದು ಗೊತ್ತಿದ್ದೂ ಬೇರೆ ದಾರಿ ಕಾಣದೆ ಕೊಟ್ಟಿದ್ದೆವು. ನಾದಿನಿ ಈ ಉಳಿತಾಯದ ವಿಷಯ ಹೇಳಿದ್ದು ಆ ದಿನಗಳಲ್ಲೇ.

2023ರ ಜೂನ್ 2, ಶುಕ್ರವಾರ. ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ಮೊದಲ ಹತ್ತು ರೂಪಾಯಿ ಹಾಕಿದೆ. ಮೊದಲ ತಿಂಗಳುಗಳು ಆಟದಂತಿದ್ದವು. ಆದರೆ ಇಲ್ಲೇ ಮೋಸ ಹೋಗುವುದು. ಮೊದಲ 13 ವಾರಗಳಲ್ಲಿ, ಅಂದರೆ ವರ್ಷದ ಕಾಲು ಭಾಗ ಕಳೆದಾಗ, ಡಬ್ಬಿಯಲ್ಲಿ ಸೇರುವುದು 910 ರೂಪಾಯಿ ಮಾತ್ರ. ಅರ್ಧ ಹಣ ದಾಟುವುದು 37ನೆಯ ವಾರದಲ್ಲಿ. ಉಳಿದ ಅರ್ಧವನ್ನು ಕೊನೆಯ 15 ವಾರಗಳಲ್ಲೇ ಹೊಂದಿಸಬೇಕು. ಮೆಟ್ಟಿಲು ಮೇಲೇರಿದಂತೆ ಎತ್ತರವಾಗುತ್ತಾ ಹೋಗುತ್ತದೆ, ನಮ್ಮ ಆದಾಯ ಹಾಗೆ ವಾರವಾರವೂ ಏರುವುದಿಲ್ಲ.

ನನಗೆ ಆದದ್ದೂ ಅದೇ. 41ನೆಯ ವಾರದವರೆಗೆ ಹೇಗೋ ತಂದೆ. ಡಬ್ಬಿಯಲ್ಲಿ 8,610 ರೂಪಾಯಿ ಇತ್ತು. 2024ರ ಮಾರ್ಚ್ 12ರಂದು ರಮಝಾನ್ ಆರಂಭವಾಯಿತು. ಆ ತಿಂಗಳ ನಾಲ್ಕು ಶುಕ್ರವಾರಗಳಿಗೆ ನನ್ನ ಮೆಟ್ಟಿಲಿನ ಪ್ರಕಾರ 420, 430, 440, 450, ಒಟ್ಟು 1,740 ರೂಪಾಯಿ ಹಾಕಬೇಕಿತ್ತು. ಸಹ್ರಿ, ಇಫ್ತಾರ್, ಮಕ್ಕಳ ಬಟ್ಟೆ, ಫಿತ್ರ್ ಝಕಾತ್ ಎಲ್ಲವೂ ಇರುವ ತಿಂಗಳದು. ಒಂದು ವಾರ ಬಿಟ್ಟೆ. ಮರುವಾರ ಎರಡೂ ಸೇರಿಸಿ 850 ಆಯಿತು, ಅದನ್ನೂ ಬಿಟ್ಟೆ. ಆಮೇಲೆ ಹಬ್ಬದ ಬಟ್ಟೆಗೆಂದು ಡಬ್ಬಿಯಿಂದಲೇ 'ಸಾಲ' ತೆಗೆದೆ. ನಂತರ ಅತ್ತೆಯ ಔಷಧಿಗೆ. ಮೇ ತಿಂಗಳಲ್ಲಿ ಡಬ್ಬಿ ತೆರೆದಾಗ 2,200 ರೂಪಾಯಿ ಇತ್ತು. ಓಲೆಗಳು ಮತ್ತೆ ಗಿರವಿ ಅಂಗಡಿಗೆ ಹೋದವು.

ಅಂದು ನಾನು ಅತ್ತುಬಿಟ್ಟೆ. ನಿನ್ನಲ್ಲಿ ಮನಸ್ಸು ಗಟ್ಟಿ ಇಲ್ಲ ಎಂದು ಯಾರಾದರೂ ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಆದರೆ ನನ್ನ ಮಗಳು ನೋಟ್‌ಬುಕ್ ನೋಡಿ ಹೇಳಿದಳು: "ಅಮ್ಮೀ, ಹತ್ತರಿಂದ ಐನೂರಿಪ್ಪತ್ತರವರೆಗೆ ಎಲ್ಲ ಸಂಖ್ಯೆಗಳೂ ಒಮ್ಮೊಮ್ಮೆ ಬಂದರೆ ಸಾಕಲ್ಲ? ಕ್ರಮವಾಗಿಯೇ ಬರಬೇಕೆಂದು ಯಾರು ಹೇಳಿದರು? ಹಿಂದೆಮುಂದಾದರೂ ಮೊತ್ತ ಬದಲಾಗುವುದಿಲ್ಲವಲ್ಲ."

ಅವಳ ಮಾತು ಸರಿಯಾಗಿತ್ತು. ಒಂದು ದೊಡ್ಡ ಹಾಳೆಯಲ್ಲಿ 52 ಮನೆಗಳನ್ನು ಬರೆದು ಒಂದೊಂದರಲ್ಲಿ 10, 20, 30 ಎಂದು 520ರವರೆಗೆ ತುಂಬಿಸಿದಳು. ಅದನ್ನು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದೆವು. ನಿಯಮ ಒಂದೇ: ಪ್ರತಿ ಶುಕ್ರವಾರ ಒಂದು ಮನೆಯನ್ನು ಹೊಡೆದು ಹಾಕಬೇಕು. ಯಾವ ಮನೆ ಎಂಬುದನ್ನು ಆ ವಾರದ ಬಟವಾಡೆ ನಿರ್ಧರಿಸುತ್ತದೆ.

2024ರ ಜೂನ್ 7ರಂದು ಮತ್ತೆ ಆರಂಭಿಸಿದೆ. ಜೂನ್ ಎಂದರೆ ಶಾಲೆಯ ಯೂನಿಫಾರ್ಮ್ ಹೊಲಿಗೆಯ ಕಾಲ, ನನ್ನ ಕೈಯಲ್ಲಿ ಹಣ ಓಡಾಡುವ ತಿಂಗಳು. ಹಿಂದಿನ ವರ್ಷ ಆ ನಾಲ್ಕು ವಾರಗಳಲ್ಲಿ ಒಟ್ಟು ನೂರು ರೂಪಾಯಿ ಹಾಕಿದ್ದೆ. ಈ ಬಾರಿ 520, 510, 500, 490ನ್ನು ಹೊಡೆದು ಹಾಕಿದೆ. ಒಂದೇ ತಿಂಗಳಲ್ಲಿ 2,020 ರೂಪಾಯಿ! ದೊಡ್ಡ ಬೆಟ್ಟ ಮೊದಲೇ ದಾಟಿದಂತಾಯಿತು. ಅಕ್ಟೋಬರಿನಲ್ಲಿ ನಮ್ಮವರು ಜ್ವರದಿಂದ ಮಲಗಿದ ವಾರ 60 ರೂಪಾಯಿಯ ಮನೆ ಹೊಡೆದೆ. ಮದುವೆಯ ಬ್ಲೌಸುಗಳು ಬಂದ ವಾರ 470.

ಇದರಲ್ಲೂ ಒಂದು ಅಪಾಯವಿದೆ, ಗಮನಿಸಿ. ಆಯ್ಕೆ ನಮ್ಮ ಕೈಯಲ್ಲಿರುವುದರಿಂದ ಸಣ್ಣ ಮನೆಗಳನ್ನೇ ಮೊದಲು ಹೊಡೆಯುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಕೊನೆಗೆ ದೊಡ್ಡವೇ ಉಳಿದು ಹಳೆಯ ಕಥೆಯೇ ಆಗುತ್ತದೆ. ಅದನ್ನು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. 13,780ನ್ನು 52ರಿಂದ ಭಾಗಿಸಿದರೆ ವಾರಕ್ಕೆ ಸರಾಸರಿ 265 ರೂಪಾಯಿ, ನಾಲ್ಕು ವಾರಕ್ಕೆ 1,060. ನಾಲ್ಕು ವಾರಗಳಿಗೊಮ್ಮೆ ಕೂಡಿ ನೋಡಿ. ನಾಲ್ಕು ವಾರಕ್ಕೆ 1,060, ಎಂಟಕ್ಕೆ 2,120, ಹನ್ನೆರಡಕ್ಕೆ 3,180 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ನೀವು ಸಣ್ಣ ಮನೆಗಳನ್ನು ಬೇಗ ಖರ್ಚು ಮಾಡುತ್ತಿದ್ದೀರಿ ಎಂದರ್ಥ, ಮುಂದಿನ ಒಳ್ಳೆಯ ವಾರದಲ್ಲಿ ದೊಡ್ಡದೊಂದನ್ನು ಹೊಡೆಯಬೇಕು.

10, 20, 30, 40 ಈ ನಾಲ್ಕು ಮನೆಗಳಿಗೆ ಮಗಳು ಮೊದಲೇ ಹಸಿರು ಬಣ್ಣ ಬಳಿದು 'ರಮಝಾನ್' ಎಂದು ಬರೆದಿಟ್ಟಿದ್ದಳು. 2025ರಲ್ಲಿ ಮಾರ್ಚ್ 2ಕ್ಕೆ ರಮಝಾನ್ ಆರಂಭವಾದಾಗ 39 ಮನೆಗಳು ಮುಗಿದು 11,780 ರೂಪಾಯಿ ಸೇರಿತ್ತು. ಕ್ರಮವಾಗಿ ಮೆಟ್ಟಿಲೇರಿದ್ದರೆ ಆಗ ಇರುತ್ತಿದ್ದುದು 7,800 ಮಾತ್ರ, ಮತ್ತು ಆ ತಿಂಗಳೇ 1,660 ರೂಪಾಯಿ ಹುಡುಕಬೇಕಿತ್ತು. ಆದರೆ ನಾನು ಇಡೀ ರಮಝಾನಿನಲ್ಲಿ ಹಾಕಿದ್ದು ನೂರು ರೂಪಾಯಿ. ಹಬ್ಬದ ನಂತರದ ಒಂಬತ್ತು ವಾರಗಳಿಗೆ 1,900 ಉಳಿದಿತ್ತು. 2025ರ ಮೇ 30ರಂದು ಕೊನೆಯ ಮನೆ ಹೊಡೆದೆ. 13,780!

ಎರಡನೆಯ ವರ್ಷ ಡಬ್ಬಿಯನ್ನೂ ಬದಲಿಸಿದೆ. ಕೈಗೆಟಕುವ ಡಬ್ಬಿಯಿಂದ 'ಸಾಲ' ತೆಗೆಯುವುದು ಸುಲಭ. ಹಾಗಾಗಿ ನಾಲ್ಕು ವಾರದ ಹಣವನ್ನು ಒಟ್ಟು ಮಾಡಿ ಬ್ಯಾಂಕಿನ ಉಳಿತಾಯ ಖಾತೆಗೆ ಹಾಕಿ ಪಾಸ್‌ಬುಕ್ ಬರೆಸಿಕೊಳ್ಳುತ್ತಿದ್ದೆ. ಕನಿಷ್ಠ ಮೊತ್ತ ಇಡಬೇಕಾಗಿಲ್ಲದ ಮೂಲ ಉಳಿತಾಯ ಖಾತೆ ಇದಕ್ಕೆ ಸಾಕು. ಆರ್‌ಡಿ ಹೊಂದುವುದಿಲ್ಲ, ಅದರಲ್ಲಿ ತಿಂಗಳು ತಿಂಗಳೂ ಒಂದೇ ಮೊತ್ತ ಕಟ್ಟಬೇಕು, ಮೇಲಾಗಿ ಅದು ಬಡ್ಡಿಗಾಗಿಯೇ ಇರುವ ಯೋಜನೆ. ಉಳಿತಾಯ ಖಾತೆಗೂ ಸ್ವಲ್ಪ ಬಡ್ಡಿ ಬಂದು ಸೇರುತ್ತದೆ. ಅದನ್ನು ಲೆಕ್ಕಕ್ಕೆ ಸೇರಿಸದೆ, ಪುಣ್ಯದ ಆಸೆಯೂ ಇಲ್ಲದೆ ಬಡವರಿಗೆ ಕೊಟ್ಟುಬಿಡುತ್ತೇನೆ. ನಿಮ್ಮ ಊರಿನ ಉಲಮಾರಲ್ಲಿ ಒಮ್ಮೆ ಕೇಳಿಕೊಳ್ಳಿ.

ಹಬ್ಬದ ಖರ್ಚಿಗಾಗಿಯೇ ಉಳಿಸಬೇಕೆನ್ನುವವರಿಗೆ ಇನ್ನೊಂದು ಮಾತು. ನಮ್ಮ ಹಬ್ಬಗಳು ಚಂದ್ರಮಾನದವು. ಒಂದು ಈದ್‌ನಿಂದ ಇನ್ನೊಂದು ಈದ್‌ಗೆ 52 ವಾರ ಇರುವುದಿಲ್ಲ. 2024ರ ಏಪ್ರಿಲ್ 11ರ ಈದುಲ್ ಫಿತ್ರ್‌ನಿಂದ 2025ರ ಮಾರ್ಚ್ 31ರ ಈದ್‌ವರೆಗೆ 354 ದಿನಗಳು, ಅಂದರೆ 50 ವಾರ, 4 ದಿನ. ಹಣ ಬೇಕಾಗುವುದಂತೂ ಅದಕ್ಕೂ ಮೊದಲು, ರಮಝಾನ್ ಹೊಸ್ತಿಲಲ್ಲಿ. ಏಪ್ರಿಲ್ 12ರ ಶುಕ್ರವಾರ ಮೆಟ್ಟಿಲು ಹತ್ತಲು ಆರಂಭಿಸಿದವರಿಗೆ ರಮಝಾನ್ ಮೊದಲು ಸಿಕ್ಕಿದ್ದು 47 ಶುಕ್ರವಾರಗಳು ಮಾತ್ರ, ಕೈಯಲ್ಲಿ 11,280 ರೂಪಾಯಿ. ಕೊನೆಯ ಐದು ದೊಡ್ಡ ಮೆಟ್ಟಿಲುಗಳ 2,500 ರೂಪಾಯಿ ಸೇರಿರಲಿಲ್ಲ. ಆದ್ದರಿಂದ ಹಬ್ಬಕ್ಕೆಂದು ಉಳಿಸುವವರು 47 ಮನೆಗಳ ಹಾಳೆ ಬರೆಯಿರಿ, ಅಥವಾ ದೊಡ್ಡ ಮನೆಗಳನ್ನು ಮೊದಲೇ ಮುಗಿಸಿ.

ಹತ್ತು ರೂಪಾಯಿಯ ಮೆಟ್ಟಿಲು ನಿಮಗೆ ಹೆಚ್ಚಾಗುತ್ತದೆಯೇ? ಆರಂಭಿಸುವ ಮೊದಲು ಮೊದಲ ವಾರವನ್ನಲ್ಲ, ಅತಿ ದೊಡ್ಡ ನಾಲ್ಕು ಮನೆಗಳನ್ನು ನೋಡಿ ನಿರ್ಧರಿಸಿ. ನಿಮ್ಮ ಅತ್ಯುತ್ತಮ ತಿಂಗಳಲ್ಲಿ 2,020 ರೂಪಾಯಿ ತೆಗೆದಿಡಲು ಆಗದಿದ್ದರೆ ಐದು ರೂಪಾಯಿಯ ಮೆಟ್ಟಿಲು ಹಿಡಿಯಿರಿ. ಆಗ ದೊಡ್ಡ ನಾಲ್ಕು ಸೇರಿ 1,010, ವರ್ಷದ ಮೊತ್ತ 6,890. ಒಂದು ರೂಪಾಯಿಯ ಮೆಟ್ಟಿಲಾದರೂ 1,378 ಆಗುತ್ತದೆ, ಮಕ್ಕಳಿಗೆ ಇದು ಚೆನ್ನ. ಮತ್ತು ಝಕಾತ್ ಲೆಕ್ಕ ಮಾಡುವ ದಿನ ಈ ಹಣವನ್ನು ಮರೆಯಬೇಡಿ. ಇದೊಂದೇ ನಿಸಾಬ್ ಮುಟ್ಟುವುದಿಲ್ಲವಾದರೂ ಮನೆಯ ಬಂಗಾರ ಬೆಳ್ಳಿಯ ಜೊತೆ ಇದೂ ಸೇರುತ್ತದೆ.

ಕಳೆದ ವರ್ಷದ ಫೀಸು 13,000 ಆಗಿತ್ತು. ಬ್ಯಾಂಕಿನಿಂದ ತೆಗೆದು ಮಗಳ ಕೈಯಿಂದಲೇ ಕಟ್ಟಿಸಿದೆ. 780 ರೂಪಾಯಿ ಉಳಿಯಿತು. ಅಲ್‌ಹಮ್ದುಲಿಲ್ಲಾಹ್, ಓಲೆಗಳು ನನ್ನ ಕಿವಿಯಲ್ಲೇ ಇದ್ದವು. ಅಂದು ಸಂಜೆ ಮನೆಗೆ ಬಂದು ನೋಡಿದರೆ ಮಗಳು ಬೀರುವಿನ ಬಾಗಿಲಿಗೆ ಹೊಸ ಹಾಳೆ ಅಂಟಿಸಿದ್ದಳು. ಹಸಿರು ಮನೆಗಳು ಈ ಸಲ ನಾಲ್ಕಲ್ಲ, ಐದು. ಐದನೆಯದರಲ್ಲಿ ಬರೆದಿದ್ದಳು: 'ಅಬ್ಬಾಗೆ ಜ್ವರ ಬಂದರೆ'.