ಹದಿನೈದು ನಿಮಿಷದ ಓದು

ನ್ಯೂಜೆರ್ಸಿಯಲ್ಲಿ ರಾತ್ರಿ ಎಂಟಾದಾಗ ಡೊಂಬಿವಲಿಯಲ್ಲಿ ಮರುದಿನ ಬೆಳಗಿನ ಐದೂವರೆ. ನವೆಂಬರಿನಲ್ಲಿ ಅಲ್ಲಿನವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿಕೊಂಡರೆ ನನಗೆ ಆರೂವರೆ. ಆರು ವರ್ಷದ ಮೊಮ್ಮಗಳಿಗೆ ನಾನು ಕನ್ನಡ ಓದಿಸುವುದು ಈ ಹೊತ್ತಿನಲ್ಲಿ, ದಿನಕ್ಕೆ ಹದಿನೈದೇ ನಿಮಿಷ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನಗೂ ಈ ಕೆಲಸ ಬೇರೆಯೇ ಆಗಿ ಕಂಡಿದೆ.

ಇಲ್ಲಿನ ಮಕ್ಕಳಿಗೆ ದೇವನಾಗರಿ ಮೊದಲೇ ಗೊತ್ತಿರುತ್ತದೆ. ವ್ಯಂಜನಕ್ಕೆ ಸ್ವರದ ಗುರುತು ಅಂಟಿಕೊಂಡು ಗುಣಿತಾಕ್ಷರವಾಗುತ್ತದೆ ಎಂಬುದನ್ನು ಅವರಿಗೆ ಹೊಸದಾಗಿ ಹೇಳಬೇಕಿಲ್ಲ. ಆಕಾರಗಳನ್ನು ತೋರಿಸಿದರೆ ಸಾಕು. ಅವರು ಎಡವುವುದು ಎ-ಏ, ಒ-ಓಗಳಲ್ಲಿ. ಮರಾಠಿಯ ಬರಹದಲ್ಲಿ ಆ ಹ್ರಸ್ವ-ದೀರ್ಘ ಭೇದವಿಲ್ಲ. ಮೊಮ್ಮಗಳ ಕಷ್ಟ ಇದಕ್ಕೆ ತಿರುವುಮುರುವು. ‘ಬೆಳೆ’ ಬೇರೆ, ‘ಬೇಳೆ’ ಬೇರೆ ಎಂದು ಅವಳ ಕಿವಿ ಬಲ್ಲದು. ಮನೆಯಲ್ಲಿ ಸಾರಿನ ಮಾತು ದಿನವೂ ನಡೆಯುತ್ತದಲ್ಲ! ಆದರೆ ‘ಕಿ’ ಎಂಬುದು ಒಂದೇ ಅಕ್ಷರ, ಅದನ್ನು ಒಂದೇ ಉಸಿರಿನಲ್ಲಿ ನುಡಿಯಬೇಕು ಎಂಬುದು ಇಂಗ್ಲಿಷ್ ಅಕ್ಷರಗಳನ್ನು ಬಿಡಿಬಿಡಿಯಾಗಿ ಕೂಡಿಸಿ ಓದಿದ ಕಣ್ಣಿಗೆ ಒಗ್ಗುವುದಿಲ್ಲ.

ಆದ್ದರಿಂದ ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮದಲ್ಲಿ ತೊಡಗಲಿಲ್ಲ. ಕರ್ನಾಟಕದ ಒಂದನೆಯ ತರಗತಿಯ ಪುಸ್ತಕಗಳಲ್ಲಿ ರೂಢಿಯಾದ ‘ರ ಗ ಸ ದ ಅ’ ಕ್ರಮವನ್ನೇ ಹಿಡಿದೆ. ಬರೆಯಲು ಸುಲಭವಾದ ಈ ಐದು ಅಕ್ಷರಗಳು ಬಂದೊಡನೆ ‘ಸರ’, ‘ಅರಸ’ ಎಂಬ ಪದಗಳನ್ನು ಮಗು ತಾನೇ ಓದಬಲ್ಲದು. ‘ಜ ವ ಮ ಬ ನ’ ಸೇರಿದರೆ ‘ಮರ’, ‘ಜನ’, ‘ನಗರ’. ಐವತ್ತರ ಹತ್ತಿರದ ಅಕ್ಷರಗಳನ್ನು ಬಾಯಿಪಾಠ ಮಾಡುವ ತನಕ ಪದಕ್ಕಾಗಿ ಕಾಯಬೇಕಿಲ್ಲ.

ಹದಿನೈದು ನಿಮಿಷದಲ್ಲಿ ಮೂರು ನಿಮಿಷ ನಿನ್ನೆಯ ಓದಿಗೆ, ಎಂಟು ನಿಮಿಷ ಹೊಸ ನಾಲ್ಕು ಸಾಲುಗಳಿಗೆ, ಉಳಿದದ್ದು ನಾನು ಓದುವುದಕ್ಕೆ, ಅವಳು ಕೇಳುವುದಕ್ಕೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಮೊದಲ ಹಂತದ ಕನ್ನಡ ಕತೆಗಳು ಉಚಿತವಾಗಿ ಸಿಗುವುದರಿಂದ ಇಬ್ಬರೂ ಒಂದೇ ಪುಟವನ್ನು ತೆರೆದುಕೊಳ್ಳುತ್ತೇವೆ. ಅಲ್ಲಿ ಚಿತ್ರ ದೊಡ್ಡದು, ಬರಹ ಸಣ್ಣದು. ಮಗು ಚಿತ್ರವನ್ನು ನೋಡಿ ಊಹಿಸುತ್ತಿದೆಯೋ ಅಕ್ಷರವನ್ನು ಓದುತ್ತಿದೆಯೋ ಎಂದು ತಿಳಿಯಲು ಒಂದು ಉಪಾಯವಿದೆ: ಚಿತ್ರ ಮುಚ್ಚಿಸಿ, ಸಾಲನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿಸುವುದು. ಊಹೆಯಾಗಿದ್ದರೆ ಅಲ್ಲೇ ನಿಂತುಹೋಗುತ್ತದೆ.

ಒತ್ತಕ್ಷರಗಳಿಗೆ ಬಂದಾಗ ‘ಅಮ್ಮ’ನನ್ನು ಸ್ವಲ್ಪ ದಿನ ಹಿಂದಿಟ್ಟೆ. ‘ಅಕ್ಕ’, ‘ಅಜ್ಜ’, ‘ಹಗ್ಗ’ಗಳಲ್ಲಿ ಕೆಳಗಿನ ಒತ್ತು ತಲೆಕಟ್ಟಿಲ್ಲದ ಅದೇ ಅಕ್ಷರ, ನೋಡಿದೊಡನೆ ಗುರುತು ಸಿಗುತ್ತದೆ. ಮ, ತ, ನ, ಯ, ರ, ಲಗಳು ಮಾತ್ರ ಒತ್ತಾಗುವಾಗ ರೂಪ ಬದಲಿಸುತ್ತವೆ. ಅವಕ್ಕೆ ದಿನಕ್ಕೊಂದರಂತೆ ಆರು ದಿನ ಕೊಟ್ಟೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅರ್ಕಾವೊತ್ತು. ‘ಸೂರ್ಯ’ ಎಂಬಲ್ಲಿ ಮೊದಲು ನುಡಿಯಬೇಕಾದ ರಕಾರ ಆಮೇಲೆ ಕುಳಿತಿರುತ್ತದೆ. ಅವಳು ‘ಸೂಯರ’ ಎಂದೇ ಓದಿದಳು. ಕಣ್ಣಿಗೆ ಕಂಡಂತೆ ಓದಿದ ಮಗುವಿನ ತಪ್ಪೇನು? ಹತ್ತು ದಿನ ದಿನಕ್ಕೊಂದು ಪದ, ‘ಸರ್ಪ’, ‘ವರ್ಷ’, ‘ಮಾರ್ಗ’ ಎಂದು ಓದಿಸಿದ ಮೇಲೆ ಆ ಗುರುತು ಕಂಡೊಡನೆ ಕಣ್ಣು ಹಿಂದಕ್ಕೆ ಹೋಗುವುದನ್ನು ಕಲಿತಿತು.

ಒಂದು ದಿನ ‘ಬೆಕ್ಕು ಹಾಲು ಕುಡಿಯಿತು’ ಎಂಬ ಸಾಲನ್ನು ‘ಕುಡೀತು’ ಎಂದು ಓದಿದಳು. ‘ಯಿ’ ಎಲ್ಲಿದೆ ಎಂದರೆ ಬೆರಳಿಟ್ಟು ತೋರಿಸಿದಳು. ಹಾಗಾದರೆ ಅದು ಊಹೆಯಲ್ಲ. ಓದಿ, ಅರ್ಥ ಮಾಡಿಕೊಂಡು, ನಮ್ಮ ಧಾರವಾಡದ ಮನೆಮಾತಿಗೆ ತಿರುಗಿಸಿದ್ದು.

“ಅಜ್ಜೀ, ನಾವು ಹಿಂಗ ಅನ್ನೂದಿಲ್ಲಲ್ಲ?” ಎಂದಳು.

“ಇಲ್ಲ ಪುಟ್ಟಿ, ಪುಸ್ತಕದಾಗ ಹಂಗ ಬರೀತಾರ,” ಎಂದೆ.

ಪುಸ್ತಕದ ಭಾಷೆ ಮನೆಯದಕ್ಕಿಂತ ಬೇರೆ ಎಂಬುದನ್ನು ಧಾರವಾಡದ ಮಗು ಶಾಲೆಯಲ್ಲಿ, ರಸ್ತೆಯ ಫಲಕಗಳಲ್ಲಿ ತಾನಾಗಿ ತಿಳಿಯುತ್ತದೆ. ಪರದೇಶದ ಮಗುವಿಗೆ ಅದನ್ನು ಕೇಳಿಸಲು ಉಳಿದದ್ದು ನಾನು ಓದಿ ಹೇಳುವ ಕಡೆಯ ನಾಲ್ಕು ನಿಮಿಷಗಳೇ. ಆದುದರಿಂದ ಹೊತ್ತು ಸಾಲದ ದಿನ ಹೊಸ ಸಾಲು ಬಿಟ್ಟೇನು, ಅದನ್ನು ಬಿಡುವುದಿಲ್ಲ.

ಹತ್ತು ತಿಂಗಳಾದವು. ಹೊಸ ಪುಟದ ನಾಲ್ಕು ಸಾಲನ್ನು ಅವಳು ತಡವರಿಸುತ್ತಲಾದರೂ ಯಾರ ನೆರವಿಲ್ಲದೆ ಓದುತ್ತಾಳೆ. ಅರ್ಥ ತಿಳಿಯದ ಪದಗಳು ಪುಟಕ್ಕೆ ಎರಡು ಮೂರು ಇದ್ದೇ ಇರುತ್ತವೆ. ಹದಿನೈದು ನಿಮಿಷ ಅಕ್ಷರವನ್ನು ಕೊಟ್ಟೀತು, ಪದಸಂಪತ್ತನ್ನಲ್ಲ. ನನ್ನ ತಾಯಿ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟೊಂದು ನನ್ನಲ್ಲಿದೆ. ಆ ಕೂಡಿಸಿ ಬರೆದ ಮೋಡಿಯ ಕೈಬರಹ ಅವಳಿಗೆ ಸದ್ಯಕ್ಕೆ ಎಟುಕದು. ಡೊಂಬಿವಲಿಯ ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನ್ನ ಮಗಳಿಗೂ ಅದು ಎಟುಕಲಿಲ್ಲ. ಅವಳು ಮಾತಾಡಬಲ್ಲಳು, ಓದಲಾರಳು. ಇತ್ತೀಚೆಗೆ ಪರದೆಯ ಅಂಚಿನಲ್ಲಿ ಅವಳ ಬೆರಳೂ ಕಾಣಿಸುತ್ತದೆ, ಮಗಳ ಬೆರಳಿಗಿಂತ ಒಂದು ಪದ ಹಿಂದೆ.