‘ಅನ್‌ಫಿಟ್’ ಎಂದು ಬರೆದ ಮಧ್ಯಾಹ್ನ

ಎಂಬಿಬಿಎಸ್ ಮುಗಿಸಿ ಪಿಜಿ ಎಂಟ್ರೆನ್ಸಿಗೆ ಓದುತ್ತಾ ಇದ್ದ ವರ್ಷ. ಕೈಖರ್ಚಿಗೆ ಅಂತ ಪೀಣ್ಯದ ಕಡೆಯ ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಡ್ಯೂಟಿ ಡಾಕ್ಟರ್ ಆಗಿ ಸೇರಿಕೊಂಡಿದ್ದೆ. ಅಲ್ಲಿ ಮುಖ್ಯ ಕೆಲಸವೇ ಪ್ರೀ-ಎಂಪ್ಲಾಯ್‌ಮೆಂಟ್ ಮೆಡಿಕಲ್. ಫ್ಯಾಕ್ಟರಿಯವರು ಹೊಸ ಹುಡುಗರನ್ನು ಟೆಂಪೊ ಟ್ರಾವೆಲರಿನಲ್ಲಿ ತುಂಬಿ ಕಳಿಸುತ್ತಿದ್ದರು. ಬೆಳಿಗ್ಗೆ ಎಂಟರಿಂದ ಒಂದರವರೆಗೆ ಪರೀಕ್ಷೆ, ಊಟ ಆದ ಮೇಲೆ ಫಾರ್ಮ್ ತುಂಬುವುದು.

ನಿಮ್ಮಲ್ಲಿ ಬಹಳ ಜನ ಈ ಫಾರ್ಮಿನ ಆಚೆ ಬದಿಯಲ್ಲಿ ನಿಂತಿರುತ್ತೀರಿ. ತೂಕ ನೋಡಿ, ರಕ್ತ ಕೊಟ್ಟು, ಕಣ್ಣಿನ ಚಾರ್ಟ್ ಓದಿ ಮನೆಗೆ ಹೋಗಿರುತ್ತೀರಿ. ಅದಾದ ಮೇಲೆ ಒಳಗೆ ಏನು ನಡೆಯುತ್ತದೆ ಅಂದರೆ, ಪರೀಕ್ಷೆ ಮಾಡುವಾಗ ಡಾಕ್ಟರು ಒಂದು ರಫ್ ಶೀಟಿನಲ್ಲಿ ಗೀಚಿಕೊಂಡಿರುತ್ತಾರೆ. ಅದನ್ನು ನೋಡಿಕೊಂಡು ಇನ್ನೊಬ್ಬರು ಫೇರ್ ಫಾರ್ಮ್ ತುಂಬುತ್ತಾರೆ. ಫಾರ್ಮಿನಲ್ಲಿ ಸಾಲಾಗಿ ಎತ್ತರ, ತೂಕ, ಬಿಪಿ, ದೃಷ್ಟಿ, ಬಣ್ಣದ ದೃಷ್ಟಿ, ಕಿವಿ, ಎದೆ, ಹೊಟ್ಟೆ, ಹರ್ನಿಯಾ ಎಂದು ಖಾನೆಗಳು. ಕಟ್ಟಕಡೆಗೆ ಒಂದು ಚೌಕ, ಅದರಲ್ಲಿ ಫಿಟ್ ಅಥವಾ ಅನ್‌ಫಿಟ್. ಅದರ ಕೆಳಗೆ ನನ್ನ ಸಹಿ, ರಿಜಿಸ್ಟ್ರೇಷನ್ ನಂಬರು.

ಅವತ್ತು ನಲವತ್ತಕ್ಕೂ ಹೆಚ್ಚು ಫಾರ್ಮುಗಳಿದ್ದವು. ಅದರಲ್ಲಿ ಒಬ್ಬ ಹುಡುಗನ ರಫ್ ಶೀಟಿನಲ್ಲಿ ಹೀಗಿತ್ತು: ‘ಬಿಪಿ 146/92. ದೃಷ್ಟಿ 6/6, 6/6. ಇಶಿಹಾರಾ 6/21. ಎದೆ, ಹೊಟ್ಟೆ ಎನ್‌ಎಡಿ.’ ಎನ್‌ಎಡಿ ಅಂದರೆ ಅಸಹಜವಾದದ್ದು ಏನೂ ಕಾಣಲಿಲ್ಲ ಅಂತ. ಹರ್ನಿಯಾ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕೆಲಸ ಎನ್ನುವ ಜಾಗದಲ್ಲಿ ‘ಟ್ರೇನಿ’ ಅಂತ ಮಾತ್ರ ಇತ್ತು.

ಅವತ್ತಿನ ಬ್ಯಾಚಿನಲ್ಲಿ ಬಹುಪಾಲು ಐಟಿಐ ಎಲೆಕ್ಟ್ರಿಷಿಯನ್ನುಗಳು. ಇವನೂ ಹಾಗೇ ಅಂದುಕೊಂಡೆ. ಬಣ್ಣದ ದೃಷ್ಟಿಯ ಖಾನೆಯಲ್ಲಿ ‘ಕಲರ್ ಬ್ಲೈಂಡ್, ಅನ್‌ಫಿಟ್’ ಎಂದು ಬರೆದೆ. ಬಿಪಿ ಎದುರು ‘ಹೈಪರ್‌ಟೆನ್ಷನ್’. ಹರ್ನಿಯಾ ಎದುರು ‘ಇಲ್ಲ’. ಕೆಳಗಿನ ಚೌಕದಲ್ಲಿ ಅನ್‌ಫಿಟ್‌ಗೆ ಟಿಕ್. ಎರಡು ನಿಮಿಷವೂ ಹಿಡಿಯಲಿಲ್ಲ.

ಐದು ದಿನ ಬಿಟ್ಟು ಆ ಹುಡುಗ ಬಾಗಿಲಲ್ಲಿ ನಿಂತಿದ್ದ. ಅರಸೀಕೆರೆ ಕಡೆಯವನು, ರಾತ್ರಿ ಬಸ್ಸಿನಲ್ಲಿ ಬಂದಿದ್ದ.

“ಮೇಡಂ, ನಂಗೆ ಏನ್ ಕಾಯಿಲೆ ಅಂತ ಹೇಳ್ತೀರಾ? ಕಂಪ್ನಿಯವ್ರು ಮೆಡಿಕಲ್ ಅನ್‌ಫಿಟ್ ಅಂದ್ರು, ಅಷ್ಟೇ. ಮನೇಲಿ ಅಮ್ಮ ಊಟ ಬಿಟ್ಟಿದಾಳೆ.”

ಎಲೆಕ್ಟ್ರಿಷಿಯನ್ ಕೆಲಸಕ್ಕೆ ಬಣ್ಣ ಗೊತ್ತಾಗಬೇಕಲ್ಲಪ್ಪ ಅಂದೆ. ಅವನು ಮುಖ ಮುಖ ನೋಡಿದ. “ನಾನು ಪ್ಯಾಕಿಂಗ್‌ಗೆ ಮೇಡಂ. ಪಿಯುಸಿ ಮಾಡಿರೋನು.”

ನನ್ನ ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ಫಾರ್ಮ್ ತೆಗೆದುಕೊಂಡು ಸೀನಿಯರ್ ಡಾಕ್ಟರ ರೂಮಿಗೆ ಹೋದೆ. ಅವರು ಒಂದು ದೊಡ್ಡ ಕಾರ್ಖಾನೆಯ ಆಸ್ಪತ್ರೆಯಿಂದ ರಿಟೈರ್ ಆಗಿ ಬಂದವರು. ಬೈಯಲಿಲ್ಲ. ಫಾರ್ಮಿನ ಕೊನೆಯ ಚೌಕದ ಮೇಲೆ ಅಂಗೈ ಇಟ್ಟು ಮುಚ್ಚಿದರು.

“ಈಗ ಮೇಲಿಂದ ಓದಮ್ಮ. ಇದರಲ್ಲಿ ನೀವು ಕಂಡದ್ದು ಯಾವುದು, ನಿಮಗೆ ಅನ್ನಿಸಿದ್ದು ಯಾವುದು?”

ಓದಿದೆ. ಎತ್ತರ ಕಂಡದ್ದು. 6/6 ಕಂಡದ್ದು. ಬಣ್ಣದ ಖಾನೆಗೆ ಬಂದಾಗ ನಾಲಿಗೆ ನಿಂತಿತು.

ಅವರು ಹೇಳಿದ ಗುರುತು ತುಂಬಾ ಸುಲಭದ್ದು. ಬರೆದ ಸಾಲನ್ನು ಹಿಡಿದುಕೊಂಡು, ಈ ಹುಡುಗ ಸೇರುವ ಕೆಲಸವನ್ನು ಮನಸ್ಸಿನಲ್ಲೇ ಬದಲಿಸಿ ನೋಡಬೇಕು. ಎಲೆಕ್ಟ್ರಿಷಿಯನ್ ಆದರೂ, ಅಕೌಂಟೆಂಟ್ ಆದರೂ, ಅಡುಗೆಯವನಾದರೂ ಸಾಲು ಹಾಗೇ ಉಳಿದರೆ ಅದು ಪರೀಕ್ಷೆಯಲ್ಲಿ ಕಂಡದ್ದು. ಕೆಲಸ ಬದಲಾದ ಕೂಡಲೇ ಸಾಲೂ ಬದಲಾಗುವುದಾದರೆ ಅದು ಅಭಿಪ್ರಾಯ, ಅದರ ಜಾಗ ಕೆಳಗಿನ ಚೌಕ. ‘21ರಲ್ಲಿ 6 ಪ್ಲೇಟ್ ಸರಿಯಾಗಿ ಓದಿದ’ ಎನ್ನುವುದು ಯಾವ ಕೆಲಸಕ್ಕೂ ಬದಲಾಗುವುದಿಲ್ಲ. ‘ಅನ್‌ಫಿಟ್’ ಎನ್ನುವುದು ಬದಲಾಗುತ್ತದೆ. ನಾನು ಅದನ್ನು ಮೇಲೆಯೇ ಬರೆದುಬಿಟ್ಟಿದ್ದರಿಂದ, ಎಚ್‌ಆರ್‌ನವರು ಕೆಳಗಿನವರೆಗೆ ಓದುವ ಅಗತ್ಯವೇ ಬಿದ್ದಿರಲಿಲ್ಲ.

“ಬಿಪಿ ಎಷ್ಟು ಸಲ ನೋಡಿದ್ದು?” ಅಂತ ಕೇಳಿದರು. ಶೀಟಿನಲ್ಲಿ ಇದ್ದದ್ದು ಒಂದೇ ಸಲದ್ದು. ಹಾಗಿದ್ದರೆ ಹೈಪರ್‌ಟೆನ್ಷನ್ ಎಂದು ಯಾರು ಹೇಳಿದರು? ಅದು ರೋಗದ ಹೆಸರು. ಒಂದು ರೀಡಿಂಗ್ ಇಟ್ಟುಕೊಂಡು ಆ ಹೆಸರು ಬರೆಯಲು ಬರುವುದಿಲ್ಲ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು, ಖಾಲಿ ಹೊಟ್ಟೆಯಲ್ಲಿ ಕ್ಯೂ ನಿಂತು, ಕೆಲಸ ಸಿಗುತ್ತೋ ಇಲ್ಲವೋ ಎಂಬ ಭಯದಲ್ಲಿರುವವನ ಬಿಪಿ ಏರುವುದು ದೊಡ್ಡ ವಿಷಯವೇನಲ್ಲ.

ಆಮೇಲೆ ಹರ್ನಿಯಾ ಖಾನೆಯ ಮೇಲೆ ಬೆರಳಿಟ್ಟರು. “ಇದನ್ನ ಯಾರು ನೋಡಿದ್ರು?”

ಯಾರೂ ನೋಡಿರಲಿಲ್ಲ. ನೋಟ್ಸಿನಲ್ಲಿ ಖಾಲಿ ಇತ್ತು, ಖಾಲಿ ಅಂದರೆ ನಾರ್ಮಲ್ ಇರಬೇಕು ಅಂತ ನಾನು ‘ಇಲ್ಲ’ ಎಂದು ತುಂಬಿದ್ದೆ. ನಿಜ ಹೇಳಬೇಕೆಂದರೆ ನನ್ನ ಮೂರು ತಪ್ಪುಗಳಲ್ಲಿ ಇದೇ ದೊಡ್ಡದು. ಮಿಕ್ಕ ಎರಡರಲ್ಲಿ ಕಂಡದ್ದರ ಜೊತೆ ಅಭಿಪ್ರಾಯ ಬೆರೆಸಿದ್ದೆ, ಇದರಲ್ಲಿ ಕಾಣದೇ ಇದ್ದದ್ದನ್ನು ಕಂಡೆ ಅಂತ ಬರೆದಿದ್ದೆ. ನೋಡದೇ ಇದ್ದರೆ ‘ಪರೀಕ್ಷಿಸಿಲ್ಲ’ ಎಂದು ಬರೆಯಬೇಕು, ಇಲ್ಲವೇ ಕರೆಸಿ ನೋಡಬೇಕು. ತಮಾಷೆ ಏನೆಂದರೆ, ಪ್ಯಾಕಿಂಗ್ ಕೆಲಸದವನಿಗೆ ಬಣ್ಣಕ್ಕಿಂತ ಮುಖ್ಯವಾಗಿ ನೋಡಬೇಕಾಗಿದ್ದದ್ದು ಅದನ್ನೇ. ದಿನವಿಡೀ ಪೆಟ್ಟಿಗೆ ಎತ್ತುವವನು ಅವನು.

ಹುಡುಗ ಹೇಗೂ ಬಂದಿದ್ದ. ಮೊದಲು ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನಿಸಿ ಕೂರಿಸಿದೆವು. ಅರ್ಧ ಗಂಟೆ ಕಳೆದು ಬಿಪಿ ನೋಡಿದಾಗ 134/84, ಐದು ನಿಮಿಷ ಬಿಟ್ಟು 130/82. ನಿಲ್ಲಿಸಿ, ಕೆಮ್ಮಿಸಿ ಎರಡೂ ಕಡೆ ಹರ್ನಿಯಾ ನೋಡಿದರು, ಉಬ್ಬು ಏನೂ ಇರಲಿಲ್ಲ.

ಬಣ್ಣದ ಪರೀಕ್ಷೆಗೆ ಕಿಟಕಿಯ ಪಕ್ಕ ಕೂರಿಸಿದೆವು. ಇಶಿಹಾರಾ ಅನ್ನುವುದು ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿರುವ ಪುಸ್ತಕ, ನೀವು ನೋಡಿಯೇ ಇರುತ್ತೀರಿ. ಅದನ್ನು ಹಗಲು ಬೆಳಕಿನಲ್ಲಿ, ಸುಮಾರು 75 ಸೆಂ.ಮೀ. ದೂರ ಹಿಡಿದು, ಒಂದೊಂದು ಪುಟಕ್ಕೆ ಮೂರು ಸೆಕೆಂಡು ಕೊಟ್ಟು ಓದಿಸಬೇಕು. ನಮ್ಮಲ್ಲಿ ಹಳದಿ ಬಲ್ಬಿನ ಕೆಳಗೆ ಓದಿಸುತ್ತಿದ್ದರು. 38 ಪ್ಲೇಟಿನ ಪುಸ್ತಕದಲ್ಲಿ ಮೊದಲ 21ರ ಪೈಕಿ 17 ಅಥವಾ ಹೆಚ್ಚು ಸರಿಯಾದರೆ ಸಹಜ, 13 ಅಥವಾ ಕಡಿಮೆಯಾದರೆ ಕೆಂಪು-ಹಸಿರು ಗುರುತಿಸುವಲ್ಲಿ ಕೊರತೆ ಇದೆ ಎಂದು ಲೆಕ್ಕ. ಕಿಟಕಿ ಬೆಳಕಿನಲ್ಲಿ ಅವನು ಓದಿದ್ದು 7. ಅಂದರೆ ಕೊರತೆ ಇದ್ದದ್ದು ನಿಜವೇ. ಆದರೆ ಆ ಪುಸ್ತಕ ಕೊರತೆ ಇದೆ ಎಂದು ಹಿಡಿದುಕೊಡುತ್ತದೆಯೇ ಹೊರತು, ಅವನು ಯಾವ ಕೆಲಸ ಮಾಡಬಲ್ಲ ಎಂದು ಹೇಳುವುದಿಲ್ಲ. ಅವನು ಎಲೆಕ್ಟ್ರಿಷಿಯನ್ನೇ ಆಗಿದ್ದರೂ, ಕೈಗೆ ಕೆಂಪು, ಹಸಿರು, ಕಪ್ಪು ವೈರು ಕೊಟ್ಟು ಬೇರ್ಪಡಿಸಲು ಹೇಳಿ ನೋಡದೆ ಮುಂದಿನ ಮಾತು ಆಡುವಂತಿರಲಿಲ್ಲ.

ಫಾರ್ಮನ್ನು ಸರಿ ಮಾಡುವುದರಲ್ಲೂ ಒಂದು ಕ್ರಮ ಇದೆ. ನಾನು ವೈಟ್ನರ್ ಹುಡುಕುತ್ತಿದ್ದೆ, ಸೀನಿಯರ್ ಬೇಡ ಅಂದರು. ಹಳೆಯ ಸಾಲು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಸಹಿ, ತಾರೀಖು ಹಾಕಿ ಹೊಸದು ಬರೆದೆ. ಬಿಪಿಗೆ ಮೂರೂ ರೀಡಿಂಗ್, ಅವುಗಳ ದಿನ ಮತ್ತು ಹೊತ್ತು. ಬಣ್ಣಕ್ಕೆ ‘ಇಶಿಹಾರಾ 38 ಪ್ಲೇಟ್, ಮೊದಲ 21ರಲ್ಲಿ 6, ಮರುಪರೀಕ್ಷೆ ಹಗಲು ಬೆಳಕಿನಲ್ಲಿ, 7, ಕೆಂಪು-ಹಸಿರು ಕೊರತೆ’. ಹರ್ನಿಯಾಕ್ಕೆ ‘ಮೊದಲ ದಿನ ಪರೀಕ್ಷಿಸಿಲ್ಲ, ಇಂದು ನಿಲ್ಲಿಸಿ, ಕೆಮ್ಮಿಸಿ ನೋಡಿದಾಗ ಇಲ್ಲ’.

ಕೆಳಗಿನ ಚೌಕಕ್ಕೆ ಬರುವ ಮೊದಲು ಫೋನ್ ಮಾಡಬೇಕಾಯಿತು. ಪ್ಯಾಕಿಂಗ್ ಅಂದರೆ ಏನೇನು ಮಾಡುತ್ತಾನೆ? ಎಚ್‌ಆರ್ ಹುಡುಗಿ, “ಬಾಕ್ಸ್ ಎತ್ತೋದು, ಸ್ಕ್ಯಾನ್ ಮಾಡೋದು, ಅಷ್ಟೇ ಡಾಕ್ಟರ್” ಎಂದಳು. ಬಣ್ಣದ ವಿಷಯ ಏನೂ ಇಲ್ಲವಾ ಎಂದರೆ ಇಲ್ಲ ಎಂದಳು. ಸೀನಿಯರ್ ಸನ್ನೆ ಮಾಡಿದರು, ಸೂಪರ್‌ವೈಸರನ್ನೇ ಕೇಳಿ ಅಂತ. ಅವರು ಲೈನಿಗೆ ಬಂದು, “ಬಾಕ್ಸ್ 20 ಕೆಜಿ ಒಳಗೆ ಮೇಡಂ. ಬಣ್ಣ ಅಂದ್ರೆ... ಪಾಸ್ ಆದ ಮಾಲಿಗೆ ಹಸಿರು ಸ್ಟಿಕ್ಕರ್, ರಿಜೆಕ್ಟ್‌ಗೆ ಕೆಂಪು” ಅಂದರು. ಸ್ಟಿಕ್ಕರ್ ಮೇಲೆ ಅಕ್ಷರ ಏನಾದರೂ ಇದೆಯಾ? ಇಲ್ಲ, ಬರೀ ಬಣ್ಣ.

ಹಾಗಾಗಿ ಬರೀ ಫಿಟ್ ಎಂದೂ ಬರೆಯುವಂತಿರಲಿಲ್ಲ. ‘ಪ್ಯಾಕಿಂಗ್ ಕೆಲಸಕ್ಕೆ ಫಿಟ್. ಷರತ್ತು: ಬರೀ ಬಣ್ಣ ನೋಡಿ ಮಾಲು ವಿಂಗಡಿಸುವ ಕೆಲಸ ಕೊಡಬಾರದು, ಅಥವಾ ಸ್ಟಿಕ್ಕರ್ ಮೇಲೆ ಅಕ್ಷರ ಇರಬೇಕು’ ಎಂದು ಬರೆದೆ. ಕೆಲಸದ ಹೆಸರನ್ನು ಅಭಿಪ್ರಾಯದ ಸಾಲಿನಲ್ಲೇ ಸೇರಿಸಿದೆ. ನಾಳೆ ಅವನನ್ನು ಬೇರೆ ವಿಭಾಗಕ್ಕೆ ಹಾಕಿದರೆ ಈ ಫಿಟ್ ಅಲ್ಲಿಗೆ ನಡೆಯುವುದಿಲ್ಲ, ಮತ್ತೆ ಕೇಳಬೇಕು.

ಕಂಪನಿಗೆ ಹೋದದ್ದು ಆ ಅಭಿಪ್ರಾಯದ ಹಾಳೆ ಮಾತ್ರ. ಬಿಪಿ, ಪ್ಲೇಟಿನ ಲೆಕ್ಕ ಎಲ್ಲ ಇದ್ದ ಹಾಳೆ ನಮ್ಮ ಫೈಲಿನಲ್ಲಿ ಉಳಿಯಿತು, ಒಂದು ಪ್ರತಿ ಹುಡುಗನ ಕೈಗೆ. ಅಲ್ಲಿಯವರೆಗೆ ನಾವು ಎರಡನ್ನೂ ಸ್ಟೇಪಲ್ ಮಾಡಿ ಕಳಿಸುತ್ತಿದ್ದೆವು, ಯಾರೂ ಕೇಳುತ್ತಿರಲಿಲ್ಲ. (ಇದೇ ನೆಪದಲ್ಲಿ ಫಾರ್ಮ್ ಪೂರ್ತಿ ಓದಿದಾಗ ಎಚ್‌ಐವಿ ಎಂಬ ಖಾನೆಯೂ ಕಣ್ಣಿಗೆ ಬಿತ್ತು. ಕೆಲಸ ಕೊಡಲು ಆ ಪರೀಕ್ಷೆಯನ್ನು ಕಡ್ಡಾಯ ಮಾಡುವಂತಿಲ್ಲ ಎಂದು 2017ರ ಕಾನೂನೇ ಹೇಳುತ್ತದೆ. ಯಾವ ಕಾಲದ ಫಾರ್ಮೋ ಅದು!)

ಆದರೆ ಆ ಬ್ಯಾಚಿನ ಜಾಗ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಮುಂದಿನ ತಿಂಗಳು ಕರೆಯುತ್ತೇವೆ ಎಂದರು. ಒಂದು ತಿಂಗಳ ಸಂಬಳ, ಎರಡು ಸಲದ ಬಸ್ ಚಾರ್ಜು, ಊರಿನಲ್ಲಿ ಆದ ಮಾತು, ಇವನ್ನು ನನ್ನ ಗೆರೆ ಎಳೆದ ಫಾರ್ಮು ವಾಪಸ್ ಕೊಡಲಿಲ್ಲ. ತಪ್ಪು ನನ್ನದೇ ಅಂತ ಅವನಿಗೆ ಹೇಳಿದೆ. ಅವನು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ, ಅವನ ಯೋಚನೆ ಬೇರೆಯೇ ಇತ್ತು.

“ಮುಂದೆ ಕಣ್ಣು ಪೂರ್ತಿ ಹೋಗುತ್ತಾ ಮೇಡಂ?”

ಇಲ್ಲಪ್ಪ, ಇಂಥ ಕೊರತೆ ಹೆಚ್ಚಾಗಿ ಹುಟ್ಟಿನಿಂದಲೇ ಇರುತ್ತೆ, ವಯಸ್ಸಾದ ಹಾಗೆ ಜಾಸ್ತಿ ಆಗಲ್ಲ ಅಂದೆ. ಚಿಕ್ಕವನಿದ್ದಾಗಲೂ ಬಣ್ಣ ಹೇಳೋದ್ರಲ್ಲಿ ತಪ್ತಿದ್ಯಾ ಅಂತ ಕೇಳಿದೆ. ಟೊಮೆಟೊ ಹಣ್ಣಾಗಿದ್ದು ಯಾವುದು, ಕಾಯಿ ಯಾವುದು ಅಂತ ಒತ್ತಿ ನೋಡಿಯೇ ಕೀಳುತ್ತಿದ್ದನಂತೆ. ಎಲ್ಲರೂ ಹಾಗೇ ಮಾಡ್ತಾರೆ ಅಂದುಕೊಂಡಿದ್ದೆ ಅಂದ.

ಹೊರಡುವ ಮುಂಚೆ ಆ ಪುಸ್ತಕ ಇನ್ನೊಂದು ಸಲ ತೋರಿಸಿ ಎಂದ. ಎಲ್ಲರಿಗೂ 74 ಎಂದು ಕಾಣುವ ಪುಟ ತೆಗೆದೆ. ಪ್ಲೇಟಿಗೆ ಬೆರಳು ತಾಗಿಸಬಾರದು, ಬಣ್ಣ ಮಾಸುತ್ತದೆ. ಸಣ್ಣ ಬ್ರಷ್ ತಗೊಂಡು ಏಳರ ಗೆರೆ, ನಾಲ್ಕರ ಗೆರೆ ಮೆಲ್ಲಗೆ ಸವರಿ ತೋರಿಸಿದೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ.

“ನೀವು ಹೇಳ್ತಿದೀರಿ ಅಂತ ಒಪ್ಕೋತೀನಿ ಮೇಡಂ. ನಂಗೆ ಕಾಣ್ತಿರೋದು ಮಾತ್ರ ಇಪ್ಪತ್ತೊಂದೇ.”