ಆರು ಇಂಚಿನ ಕೇಕು, ಎಂಟು ಇಂಚಿನ ತಟ್ಟೆ

ಅಭ್ಯಾಸ ಬೋಧನೆಯ ಮೂರನೇ ವಾರ ನನಗೆ ಏಳನೇ ತರಗತಿಯ ವೃತ್ತದ ವಿಸ್ತೀರ್ಣ ಬಂದಿತ್ತು. ಅದಕ್ಕೆ ಉದಾಹರಣೆ ಹುಡುಕುವ ಕಷ್ಟವೇ ಇರಲಿಲ್ಲ, ಹಿಂದಿನ ಭಾನುವಾರ ಕತ್ರಿಗುಪ್ಪೆಯ ನಮ್ಮ ಮನೆಯಲ್ಲೇ ಒಂದು ಕೇಕು ಹಾಳಾಗಿತ್ತು. ಹಾಳು ಮಾಡಿದವಳು ಗಣಿತದಲ್ಲಿ ಬಿ.ಎಸ್ಸಿ. ಮಾಡಿದ ನಾನು.

ನನ್ನ ಅಳತೆ ಆರು ಇಂಚಿನ ದುಂಡು ತಟ್ಟೆಯದು. ಮೈದಾ, ಸಕ್ಕರೆ, ಬೆಣ್ಣೆ ತಲಾ 100 ಗ್ರಾಂ, ಎರಡು ಮೊಟ್ಟೆ, ಒಂದು ಚಮಚ ಬೇಕಿಂಗ್ ಪೌಡರ್. 180 ಡಿಗ್ರಿಯಲ್ಲಿ 35 ನಿಮಿಷ. ಅಣ್ಣನ ಮಗನ ಹುಟ್ಟುಹಬ್ಬಕ್ಕೆ ಎಂಟು ಇಂಚಿನ ತಟ್ಟೆ ತಂದೆ. ಆರು ಎಂಟಾದರೆ ಮೂರನೇ ಒಂದು ಭಾಗ ಹೆಚ್ಚು ಎಂದು ಎಲ್ಲವನ್ನೂ 133 ಗ್ರಾಂ ಮಾಡಿದೆ. ಅದೇ ಲೆಕ್ಕ ಸಮಯಕ್ಕೂ ಹಾಕಿ 47 ನಿಮಿಷ ಇಟ್ಟೆ. ಹೊರಬಂದದ್ದು ಅಂಚು ಕಂದಿದ, ಒಣಗಿದ ರೊಟ್ಟಿಯಂಥದ್ದು. ಅತ್ತಿಗೆ ಏನೂ ಅನ್ನದೆ ಅದನ್ನು ಹಾಲಿನಲ್ಲಿ ನೆನೆಸಿ ಮಕ್ಕಳಿಗೆ ಕೊಟ್ಟರು.

ತರಗತಿಯಲ್ಲಿ ಎರಡೂ ತಟ್ಟೆಗಳನ್ನು ಮೇಜಿನ ಮೇಲಿಟ್ಟು ಇದೇ ಪ್ರಶ್ನೆ ಕೇಳಿದೆ. "ನೂರ ಮೂವತ್ಮೂರು ಗ್ರಾಂ, ಮಿಸ್!" ಬಹುತೇಕ ಎಲ್ಲರೂ ನನ್ನ ತಪ್ಪನ್ನೇ ಮಾಡಿದರು. ನನಗೆ ಸ್ವಲ್ಪ ಸಮಾಧಾನವೂ ಆಯಿತು ಅನ್ನಿ.

ಎರಡು ತಟ್ಟೆಗಳ ಒಳಗೂ ತಳದಿಂದ ಎರಡೂವರೆ ಸೆಂಟಿಮೀಟರ್ ಎತ್ತರಕ್ಕೆ ಗುರುತು ಹಾಕಿದ್ದೆ. ಇಬ್ಬರು ಹುಡುಗರು ಲೋಟದಿಂದ ನೀರು ಸುರಿದರು. ಚಿಕ್ಕದಕ್ಕೆ ಎರಡು ಲೋಟ ಹಿಡಿಯಿತು. ದೊಡ್ಡದಕ್ಕೆ ಮೂರೂವರೆ ಲೋಟ ಹಾಕಿದರೂ ಇನ್ನೊಂದು ಚೂರು ಬೇಕಾಯಿತು. ಆಮೇಲೆ ಕಪ್ಪುಹಲಗೆಯ ಮೇಲೆ ಲೆಕ್ಕ: ತ್ರಿಜ್ಯಗಳು 3 ಮತ್ತು 4, ವರ್ಗಗಳು 9 ಮತ್ತು 16. ಪೈ ಎರಡೂ ಕಡೆ ಇರುವುದರಿಂದ ಹೊಡೆದುಹೋಗುತ್ತದೆ. 16 ಭಾಗಿಸು 9, ಅಂದರೆ ಸುಮಾರು 1.78. ಮೈದಾ 178 ಗ್ರಾಂ ಆಗಬೇಕಿತ್ತು. ಮೊಟ್ಟೆ ಎಷ್ಟು ಎಂದಾಗ ಮೂರೂವರೆ ಎಂದು ನಕ್ಕರು. ನಾಲ್ಕು ಒಡೆದು, ಚೆನ್ನಾಗಿ ಕಲಕಿ, ಅರ್ಧ ಮೊಟ್ಟೆಯಷ್ಟು ತೆಗೆದಿಟ್ಟರಾಯಿತು.

ಪಾಠ ಯೋಜನೆಯಲ್ಲಿ ನಾನು ಬರೆದಿದ್ದು ಇಷ್ಟೇ. ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಹಿಟ್ಟು 1.78 ಪಟ್ಟಾದರೆ ಟೈಮೂ ಅಷ್ಟು ಪಟ್ಟಾ ಮಿಸ್? 62 ನಿಮಿಷ ಬರುತ್ತೆ."

ಕೊನೆಯ ಸಾಲಿನಲ್ಲಿ ಮಾರ್ಗದರ್ಶಕ ಉಪನ್ಯಾಸಕಿ ಕೂತಿದ್ದರು. ನಾನು ಶಾಖ ಹರಿಯುವ ವಿಷಯ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಬ್ಬ ಹುಡುಗ, "ಇಲ್ಲ ಮಿಸ್, ಇಡ್ಲಿ ಪಾತ್ರೇಲಿ ಒಂದು ತಟ್ಟೆ ಇಟ್ರೂ ನಾಲ್ಕು ಇಟ್ರೂ ಟೈಮ್ ಹೆಚ್ಚುಕಮ್ಮಿ ಅಷ್ಟೇ. ತಟ್ಟೆ ಇಡ್ಲಿ ಮಾತ್ರ ದಪ್ಪ ಇದ್ರೆ ಲೇಟಾಗುತ್ತೆ" ಎಂದ.

ವಿಷಯ ಅದೇ. ಶಾಖ ಮುಖ್ಯವಾಗಿ ಮೇಲಿನಿಂದ ಮತ್ತು ತಳದಿಂದ ನಡುವಿಗೆ ತಲುಪಬೇಕು, ಆದ್ದರಿಂದ ಸಮಯ ನಿಲ್ಲುವುದು ಹಿಟ್ಟಿನ ದಪ್ಪದ ಮೇಲೆ. ನಾನು ಮನೆಯಲ್ಲಿ 1.78 ಪಟ್ಟು ಜಾಗಕ್ಕೆ 1.33 ಪಟ್ಟು ಹಿಟ್ಟು ಸುರಿದಾಗ ದಪ್ಪ ಮೊದಲಿನ ಮುಕ್ಕಾಲು ಭಾಗಕ್ಕೆ ಇಳಿದಿತ್ತು. ಸಮಯ ಕಡಿಮೆ ಮಾಡಬೇಕಾದ ಕಡೆ ಹೆಚ್ಚು ಮಾಡಿದ್ದೆ. ಅಳತೆಯ ತಪ್ಪಿಗಿಂತ ಕೇಕನ್ನು ಒಣಗಿಸಿದ್ದು ಈ ಎರಡನೆಯ ತಪ್ಪು. ಅದು ನನಗೇ ಹೊಳೆದದ್ದು ಆ ಹುಡುಗ ಇಡ್ಲಿ ಎಂದಾಗ.

ಮುಂದಿನ ಭಾನುವಾರ 178 ಗ್ರಾಂ ಲೆಕ್ಕದಲ್ಲಿ ಮತ್ತೆ ಮಾಡಿದೆ. ದಪ್ಪ ಅಷ್ಟೇ ಇದ್ದುದರಿಂದ ಹಳೆಯ 35 ನಿಮಿಷಕ್ಕೇ ಕಡ್ಡಿ ಚುಚ್ಚಿ ನೋಡಿದೆ. ಹಸಿ ಹಿಟ್ಟು ಅಂಟಿತು. ತಟ್ಟೆ ಅಗಲವಾದಾಗ ನಡುಭಾಗ ಬದಿಯ ಬಿಸಿಯಿಂದ ದೂರವಾಗುತ್ತದೆ, ಹಾಗಾಗಿ ಕೆಲವು ನಿಮಿಷ ಹೆಚ್ಚು ಬೇಕು. 42ನೇ ನಿಮಿಷಕ್ಕೆ ಕಡ್ಡಿ ಶುಚಿಯಾಗಿ ಬಂತು, ಅಂಚು ತಟ್ಟೆಯಿಂದ ತುಸು ಬಿಟ್ಟುಕೊಂಡಿತ್ತು, ನಡುವೆ ಬೆರಳಿನಿಂದ ಒತ್ತಿದರೆ ಮತ್ತೆ ಎದ್ದಿತು. ಇದೇ ಹಿಟ್ಟನ್ನು ಆರು ಇಂಚಿನ ಎತ್ತರದ ತಟ್ಟೆಗೆ ಹಾಕಿದ್ದರೆ ಕಥೆ ಬೇರೆ. ಮೇಲ್ಭಾಗ ಕಪ್ಪಾಗಿ ಒಳಗೆ ಹಸಿ ಉಳಿಯದಂತೆ ಉರಿಯನ್ನು 160ಕ್ಕೆ ಇಳಿಸಿ, ಹೆಚ್ಚು ಹೊತ್ತು ಬಿಡಬೇಕು. ಯಾವ ತಟ್ಟೆಯಾದರೂ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಿಸಿದರೆ ಉಕ್ಕಿ ಹರಿಯುತ್ತದೆ.

ವೀಕ್ಷಣಾ ಪುಸ್ತಕದಲ್ಲಿ ಉಪನ್ಯಾಸಕಿ ಬರೆದದ್ದು ಒಂದೇ ಸಾಲು: ಸಮಯದ ಪ್ರಶ್ನೆಯನ್ನು ಯೋಜನೆಯಲ್ಲಿ ಏಕೆ ಇಟ್ಟಿರಲಿಲ್ಲ? ಮುಂದಿನ ವಿಭಾಗಕ್ಕೆ ಪಾಠ ಮಾಡುವಾಗ ಅದರಿಂದಲೇ ಶುರು ಮಾಡಿದೆ, ಇಡ್ಲಿ ಪಾತ್ರೆಯನ್ನೂ ಹೊತ್ತೊಯ್ದೆ.

ಮನೆಗೆಲಸವಾಗಿ, ಎಂಟು ಇಂಚಿನ ದುಂಡು ತಟ್ಟೆಯ ಅಳತೆ ಬದಲಿಸದೆ ಯಾವ ಚೌಕ ತಟ್ಟೆಗೆ ಹಾಕಬಹುದು ಎಂದು ಕೇಳಿದ್ದೆ. ಆ ಹಿಂದಿನ ಬೆಂಚಿನ ಹುಡುಗಿ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಿಗೇ ಬಂದಳು. "ಏಳು ಇಂಚಿನದು ಮಿಸ್. 49, ದುಂಡಿನದು 50 ಚಿಲ್ಲರೆ. ಮೂಲೆ ಬೇಗ ಬೇಯುತ್ತಾ?"

ಬೇಯುತ್ತದೆ, ಎರಡು ಕಡೆಯಿಂದ ಬಿಸಿ ತಾಗುತ್ತದಲ್ಲ, ಎಂದೆ.